ಒಂದೇ ಚಿಲ್ಲರ್: ಎರಡೂವರೆ ಕೋಟಿಯೋ, ತೊಂಬತ್ತೇಳು ಲಕ್ಷವೋ?

ಅಂಧೇರಿ ಪೂರ್ವದಿಂದ:

ನಮ್ಮ ಕಚೇರಿ ಕಟ್ಟಡದ ಎಸಿಗೆ ನೀರು ತಣಿಸುವ ಎರಡು 300 ಟನ್ ಚಿಲ್ಲರ್‌ಗಳಲ್ಲಿ ಒಂದು ಹದಿನೇಳು ವರ್ಷ ದುಡಿದು ಸುಸ್ತಾಗಿದೆ. ಬದಲಿಗೆ ಎರಡು ಕೊಟೇಶನ್ ಬಂದಿವೆ. ಒಂದು, ಒಂದೇ ವೇಗದಲ್ಲಿ ಓಡುವ ಸ್ಕ್ರೂ ಯಂತ್ರ. ಇನ್ನೊಂದು 50 ಲಕ್ಷ ರೂಪಾಯಿ ಹೆಚ್ಚು ಬೆಲೆಯ, ಎಣ್ಣೆ ಬೇಡದ, ಲೋಡಿಗೆ ತಕ್ಕಂತೆ ವೇಗ ಬದಲಿಸುವ ವಿಎಫ್‌ಡಿ ಇರುವ ಮ್ಯಾಗ್ನೆಟಿಕ್ ಬೇರಿಂಗ್ ಯಂತ್ರ. ಎರಡೂ ವಾಟರ್ ಕೂಲ್ಡ್. ದುಬಾರಿ ಯಂತ್ರ 15 ವರ್ಷದಲ್ಲಿ 2.5 ಕೋಟಿ ಉಳಿಸುತ್ತದೆ ಎಂದು ಮಾರುವವರು ಹೇಳುತ್ತಾರೆ. ನಮ್ಮ ಅಕೌಂಟ್ಸ್ ವಿಭಾಗ 12% ಡಿಸ್ಕೌಂಟ್ ದರ ಹಿಡಿದು 97 ಲಕ್ಷ ಎನ್ನುತ್ತದೆ. ಇಂಥದ್ದನ್ನು ತೂಗಿ ನೋಡಿದವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ.

ಠಾಣೆ ಹೋಟೆಲಿನವ:

12% ಡಿಸ್ಕೌಂಟ್ ಕಡಿಮೆಯಾಯಿತು ಮೇಡಂ. ನಮ್ಮ ಹೋಟೆಲಿಗೆ ಕಳೆದ ವರ್ಷ ಚಿಕ್ಕ ಯಂತ್ರ ಕೊಂಡಾಗ ಎರಡು ತಿಂಗಳು ಸುಮ್ಮನಿದ್ದು ಮಾರ್ಚ್ ಕೊನೆಯ ವಾರ ಕರೆದೆ. ಮಾರುವವರಿಗೆ ವರ್ಷದ ಟಾರ್ಗೆಟ್ ಮುಗಿಸುವ ಅವಸರ, 18% ಇಳಿಸಿದರು. ಐದು ವರ್ಷದ ಎಎಂಸಿ ದರವನ್ನೂ ಅದೇ ಕಾಗದದಲ್ಲಿ ಬರೆಸಿಕೊಳ್ಳಿ. ಯಂತ್ರ ಬಂದ ಮೇಲೆ ಕೇಳಿದರೆ ಅವರು ಹೇಳಿದ್ದೇ ದರ.

ಅಂಧೇರಿ ಪೂರ್ವದಿಂದ:

ಸರ್, ಇದು ಬೆಲೆಯ ರಿಯಾಯಿತಿ ಅಲ್ಲ, ಮುಂದಿನ ವರ್ಷಗಳ ಹಣವನ್ನು ಇಂದಿನ ಬೆಲೆಗೆ ಇಳಿಸುವ ದರ. ಆದರೂ ಮಾರ್ಚ್ ಉಪಾಯ ನೆನಪಿಟ್ಟುಕೊಳ್ಳುತ್ತೇನೆ.

ಘಾಟ್‌ಕೋಪರ್ ಎಂಜಿನಿಯರ್:

ಇದರಲ್ಲಿ ಯೋಚಿಸುವುದೇನಿದೆ? ವಿಎಫ್‌ಡಿ ತೆಗೆದುಕೊಳ್ಳಿ. ವೇಗ ಅರ್ಧವಾದರೆ ವಿದ್ಯುತ್ ಎಂಟನೇ ಒಂದು ಭಾಗಕ್ಕೆ ಇಳಿಯುತ್ತದೆ. ಕಟ್ಟಡ ವರ್ಷದಲ್ಲಿ ನಾಲ್ಕು ದಿನವೂ ಪೂರ್ಣ ಲೋಡಿನಲ್ಲಿ ಇರುವುದಿಲ್ಲ. ನಮ್ಮ ಕಚೇರಿಯ ಪಂಪ್‌ಗಳಿಗೆ ಹಾಕಿಸಿದೆವು, ಎರಡೇ ವರ್ಷದಲ್ಲಿ ಹಣ ಹುಟ್ಟಿತು.

ಚಿಂಚವಡದ ನಿವೃತ್ತ:

ಪಂಪಿನ ಮಾತು ನಿಜ, ಫ್ಯಾನಿಗೂ ನಿಜ. ಚಿಲ್ಲರ್‌ಗೆ ಅದು ಅರ್ಧ ಮಾತ್ರ ನಿಜ ತಮ್ಮಾ. ಕಂಪ್ರೆಸರ್ ಅನಿಲವನ್ನು ತಣ್ಣನೆಯ ಕಡೆಯ ಒತ್ತಡದಿಂದ ಬಿಸಿ ಕಡೆಯ ಒತ್ತಡಕ್ಕೆ ಎತ್ತಬೇಕು. ಕೂಲಿಂಗ್ ಟವರಿನಿಂದ ಬರುವ ನೀರು ಬೆಚ್ಚಗಿದ್ದರೆ ಆ ಎತ್ತರ ಕಡಿಮೆಯಾಗುವುದಿಲ್ಲ. ಅರ್ಧ ಕೊಡ ಹೊತ್ತವನೂ ಹತ್ತಬೇಕಾದ ಮೆಟ್ಟಿಲು ಅಷ್ಟೇ. ಲೋಡು ಅರ್ಧವಾಯಿತೆಂದು ವೇಗವನ್ನು ಅರ್ಧ ಮಾಡಿದರೆ ದುಬಾರಿ ಯಂತ್ರದಂಥ ಸೆಂಟ್ರಿಫ್ಯೂಗಲ್ ಯಂತ್ರ ಸರ್ಜ್ ಆಗಿ, ಅಂದರೆ ಅನಿಲ ಹಿಂದಕ್ಕೆ ನುಗ್ಗಿ, ಗುಡುಗುತ್ತದೆ, ಕಂಟ್ರೋಲರ್ ಅದಕ್ಕೆ ಬಿಡುವುದೂ ಇಲ್ಲ.

ಮೇಡಂ, ಮಾರುವವರ ಹಾಳೆಯಿಂದ ಮೂರು ಅಂಕಿ ಬೇಕು. ಪ್ರತಿ ಟನ್‌ಗೆ ಎಷ್ಟು ಕಿಲೋವ್ಯಾಟ್ ಹಿಡಿದಿದ್ದಾರೆ, ವರ್ಷಕ್ಕೆ ಎಷ್ಟು ಟನ್-ಗಂಟೆ, ವಿದ್ಯುತ್ ದರ ವರ್ಷಕ್ಕೆ ಎಷ್ಟು ಏರುತ್ತದೆ ಎಂದಿದ್ದಾರೆ?

ಅಂಧೇರಿ ಪೂರ್ವದಿಂದ:

ಸ್ಕ್ರೂ 0.56, ದುಬಾರಿಯದು 0.36, ಎರಡೂ ಐಪಿಎಲ್‌ವಿ, ಅಂದರೆ ಬೇರೆ ಬೇರೆ ಲೋಡುಗಳ ಸರಾಸರಿ ಅಂಕಿ. ದಿನಕ್ಕೆ 12 ಗಂಟೆ, ವರ್ಷಕ್ಕೆ 300 ದಿನ, ಸರಾಸರಿ 180 ಟನ್, ಒಟ್ಟು 6,48,000 ಟನ್-ಗಂಟೆ. ಯೂನಿಟ್‌ಗೆ 11 ರೂಪಾಯಿ, ವರ್ಷಕ್ಕೆ 8% ಏರಿಕೆ, ಡಿಸ್ಕೌಂಟ್ ದರ 6%. ನಮ್ಮವರು ಏರಿಕೆಯನ್ನೇ ಹಿಡಿಯದೆ 12% ಹಾಕಿದ್ದಾರೆ.

ಚಿಂಚವಡದ ನಿವೃತ್ತ:

ಹಾಗಾದರೆ ಇಬ್ಬರ ಗುಣಾಕಾರವೂ ಸರಿಯಾಗಿದೆ, ತಪ್ಪಿರುವುದು ಅದಕ್ಕೂ ಮೊದಲು. ಸ್ವಲ್ಪ ಉದ್ದವಾಗುತ್ತದೆ, ಚಹಾ ಮುಗಿಸಿ ಓದಿ.

ಮೊದಲು ಐಪಿಎಲ್‌ವಿ. ಅಮೆರಿಕದ ಎಎಚ್‌ಆರ್‌ಐ ಸೂತ್ರದಲ್ಲಿ ಪೂರ್ಣ ಲೋಡಿಗೆ 1% ತೂಕ, 75% ಲೋಡಿಗೆ 42, ಅರ್ಧಕ್ಕೆ 45, ಕಾಲು ಭಾಗಕ್ಕೆ 12. ಈ ತೂಕಗಳ ಬಗ್ಗೆ ಎಲ್ಲರೂ ಜಗಳವಾಡುತ್ತಾರೆ. ನಿಜವಾದ ಚಮತ್ಕಾರ ನೀರಿನ ತಾಪದಲ್ಲಿದೆ. ಪೂರ್ಣ ಲೋಡಿನಲ್ಲಿ ಕಂಡೆನ್ಸರ್‌ಗೆ 29.4 ಡಿಗ್ರಿಯ ನೀರು ಬರುತ್ತದೆ ಎಂದು ಹಿಡಿಯುವ ಸೂತ್ರ, 75% ಲೋಡಿನಲ್ಲಿ 23.9 ಡಿಗ್ರಿ, ಅರ್ಧ ಮತ್ತು ಅದಕ್ಕಿಂತ ಕೆಳಗೆ 18.3 ಡಿಗ್ರಿ ಎಂದು ಹಿಡಿಯುತ್ತದೆ. ಅಂದರೆ ಅರ್ಧಕ್ಕಿಂತ ಹೆಚ್ಚು ತೂಕ 18.3 ಡಿಗ್ರಿ ನೀರಿನದು. ಅಂಧೇರಿಯಲ್ಲಿ ಮಧ್ಯಾಹ್ನ ಅಂಥ ನೀರನ್ನು ಯಾವ ಟವರ್ ಕೊಟ್ಟೀತು? ಒದ್ದೆ ಬಟ್ಟೆ ಸುತ್ತಿದ ಥರ್ಮಾಮೀಟರ್ ತೋರಿಸುವ ವೆಟ್ ಬಲ್ಬ್ ತಾಪಕ್ಕಿಂತ ಕೆಳಗೆ ಟವರ್ ನೀರನ್ನು ಇಳಿಸಲಾರದು, ಸಾಮಾನ್ಯವಾಗಿ ಅದಕ್ಕಿಂತ ಮೂರು ನಾಲ್ಕು ಡಿಗ್ರಿ ಮೇಲೆಯೇ ನಿಲ್ಲುತ್ತದೆ. ಮಳೆಗಾಲದಲ್ಲಿ ನಿಮ್ಮ ವೆಟ್ ಬಲ್ಬ್ 25ರಿಂದ 27ರ ನಡುವೆ ಕೂತುಬಿಡುತ್ತದೆ. ಲೋಡು ಇಳಿದರೂ ನೀರು 29ರ ಆಸುಪಾಸಿನಲ್ಲೇ ಇರುತ್ತದೆ.

ಇದೇ ಯಂತ್ರ ಪುಣೆಯ ಹಿಂಜವಡಿಯಲ್ಲಿದ್ದರೆ ಕಥೆ ಬೇರೆ. ನಮ್ಮಲ್ಲಿ ಏಪ್ರಿಲ್‌ನಲ್ಲಿ ತಲೆ ಸುಡುವ ಬಿಸಿಲಿದ್ದರೂ ಗಾಳಿ ಒಣಗಿರುತ್ತದೆ, ಟವರ್ ಚೆನ್ನಾಗಿ ಕೆಲಸ ಮಾಡುತ್ತದೆ. ಡಿಸೆಂಬರಿನ ರಾತ್ರಿ ಪಾಳಿಯಲ್ಲಿ 18ರ ನೀರನ್ನು ನಾನೇ ಲಾಗ್‌ಬುಕ್ಕಿನಲ್ಲಿ ಬರೆದಿದ್ದೇನೆ.

ಮುಂಬೈ ನೀರಿಗೆ ಎರಡೂ ಯಂತ್ರಗಳ ಪಾರ್ಟ್ ಲೋಡ್ ಕೋಷ್ಟಕವನ್ನು ಮಾರುವವರಿಂದಲೇ ತರಿಸಿಕೊಳ್ಳಿ. ಅವರ ಸಾಫ್ಟ್‌ವೇರಿಗೆ ಇದು ಹತ್ತು ನಿಮಿಷದ ಕೆಲಸ. ನಾನು ಕೊನೆಯದಾಗಿ ನೋಡಿದ ಇಂಥದೇ ಜೋಡಿಯಲ್ಲಿ ಸ್ಕ್ರೂ 0.64ಕ್ಕೂ ದುಬಾರಿಯದು 0.52ಕ್ಕೂ ಬಂದಿತ್ತು. ಸದ್ಯಕ್ಕೆ ಅದನ್ನೇ ಹಿಡಿಯೋಣ. ಅಂತರ 0.20 ಅಲ್ಲ, 0.12. ವರ್ಷದ ಉಳಿತಾಯ 14.26 ಲಕ್ಷದಿಂದ 8.55 ಲಕ್ಷಕ್ಕೆ ಇಳಿಯಿತು.

ಈಗ ದರ. ಮಾರುವವರು ಏರಿಕೆ 8, ಡಿಸ್ಕೌಂಟ್ 6 ಹಿಡಿದಿದ್ದಾರೆ. ಹೀಗೆ ಹಿಡಿದರೆ ದೂರದ ವರ್ಷದ ಉಳಿತಾಯಕ್ಕೆ ಇಂದಿನ ಉಳಿತಾಯಕ್ಕಿಂತ ಹೆಚ್ಚು ಬೆಲೆ ಬರುತ್ತದೆ! ಒಂದು ವರ್ಷದ ಉಳಿತಾಯವನ್ನು 15ಕ್ಕಲ್ಲ, ಸುಮಾರು ಹದಿನೇಳೂವರೆಗೆ ಗುಣಿಸಿದಂತಾಯಿತು. 2.5 ಕೋಟಿ ಹುಟ್ಟಿದ್ದು ಅಲ್ಲಿ. ನಿಮ್ಮ ಅಕೌಂಟ್ಸ್‌ನವರದು ಇದರ ತದ್ವಿರುದ್ಧ ತಪ್ಪು. 12% ಎಂಬ ದರದೊಳಗೆ ಹಣದುಬ್ಬರ ಆಗಲೇ ಸೇರಿದೆ, ಆದರೆ ಉಳಿತಾಯವನ್ನು ಮಾತ್ರ ಇಂದಿನ ದರದಲ್ಲಿ ನಿಲ್ಲಿಸಿದ್ದಾರೆ. ಅವರ ಗುಣಕ 6.81. ಎರಡೂ ಕಡೆ ಏರಿಕೆ ಇರಲಿ, ಇಲ್ಲವೇ ಎರಡೂ ಕಡೆ ಬೇಡ. ವಿದ್ಯುತ್ ವರ್ಷಕ್ಕೆ 4% ಏರುತ್ತದೆಂದು ಹಿಡಿದರೆ 1.12 ಅನ್ನು 1.04ರಿಂದ ಭಾಗಿಸಿ. ನಿಜವಾದ ದರ 7.7% ಆಯಿತು, ಗುಣಕ 8.72. 8.55 ಲಕ್ಷಕ್ಕೆ ಅದನ್ನು ಗುಣಿಸಿದರೆ 75 ಲಕ್ಷಕ್ಕೆ ತುಸು ಕಡಿಮೆ. ರಾಜ್ಯದ ವಿದ್ಯುತ್ ದರ ನಿಗದಿ ಮಾಡುವ ಎಂಇಆರ್‌ಸಿ ಆದೇಶದಂತೆ ದರ ಒಮ್ಮೆ ಜಿಗಿಯುತ್ತದೆ, ಒಮ್ಮೆ ನಿಲ್ಲುತ್ತದೆ. ಆದ್ದರಿಂದ 2%ಗೂ 6%ಗೂ ಒಮ್ಮೆ ಮಾಡಿ ನೋಡಿ. ನಾಲ್ಕೇ ಸರಿ ಎಂದು ನಾನು ಹಟ ಹಿಡಿಯುವುದಿಲ್ಲ.

ವಾಸ್ಕೊದಿಂದ:

ನಿರ್ವಹಣೆಯ ಬಗ್ಗೆ ಯಾರೂ ಮಾತಾಡಲಿಲ್ಲವಲ್ಲ! ಗೋವಾದಲ್ಲಿ ಸಮುದ್ರದ ಪಕ್ಕದ ನಮ್ಮ ರೆಸಾರ್ಟಿಗೆ ಟ್ಯಾಂಕರ್ ನೀರಿನ ಕಾಟ ತಪ್ಪಲಿ ಎಂದು ಏರ್ ಕೂಲ್ಡ್ ತೆಗೆದುಕೊಂಡೆವು. ಲೆಕ್ಕ ಹಾಕಿದಾಗ ನೀರಿನ ಖರ್ಚು ಸೊನ್ನೆ, ಎಲ್ಲರಿಗೂ ಖುಷಿ. ಉಪ್ಪುಗಾಳಿ ಅಲ್ಯೂಮಿನಿಯಂ ಫಿನ್‌ಗಳನ್ನು ಐದನೇ ವರ್ಷಕ್ಕೆ ಪುಡಿ ಮಾಡಿತು. ಕೈಯಿಂದ ಉಜ್ಜಿದರೆ ಬೂದಿಯಂತೆ ಉದುರುತ್ತಿತ್ತು. ಕಾಯಿಲ್ ಬದಲಿಸುವ ಖರ್ಚು ನಮ್ಮ ಹಾಳೆಯಲ್ಲಿ ಎಲ್ಲೂ ಇರಲಿಲ್ಲ. ಮೊದಲೇ ಕೋಟಿಂಗ್ ಮಾಡಿಸಬೇಕಿತ್ತು.

ಚಿಂಚವಡದ ನಿವೃತ್ತ:

ವಾಸ್ಕೊದವರ ಪೆಟ್ಟು ನಿಜವಾದದ್ದು, ಆದರೆ ಮೇಡಂ ಹೋಲಿಸುತ್ತಿರುವ ಎರಡೂ ಯಂತ್ರಗಳಿಗೆ ಅದೇ ಟವರ್, ಅದೇ ಪಂಪು. ನೀರು ಪ್ರತಿ ಟನ್-ಗಂಟೆಗೆ ಏಳೆಂಟು ಲೀಟರ್ ಹೋಗುತ್ತದೆ. ವರ್ಷಕ್ಕೆ ಹತ್ತು ಸಾವಿರ ಲೀಟರಿನ ಐನೂರು ಟ್ಯಾಂಕರ್ ಎನ್ನಿ. ಎರಡೂ ಕಡೆ ಹೆಚ್ಚುಕಡಿಮೆ ಅಷ್ಟೇ ಇರುವುದರಿಂದ ಇಲ್ಲಿ ಬಿಟ್ಟುಬಿಡಬಹುದು. ಏರ್ ಕೂಲ್ಡ್ ಅನ್ನು ಹೋಲಿಕೆಗೆ ತಂದ ದಿನ ಬಿಡಬಾರದು.

ನಿರ್ವಹಣೆಯಲ್ಲಿ ವ್ಯತ್ಯಾಸ ಇರುವುದು ಮೂರು ಕಡೆ. ಎಣ್ಣೆ, ಫಿಲ್ಟರ್, ಎಣ್ಣೆಯ ಪರೀಕ್ಷೆ ಇಲ್ಲದ್ದರಿಂದ ವರ್ಷಕ್ಕೆ ಒಂದು ಲಕ್ಷ ಉಳಿಯಿತೆನ್ನಿ, 15 ವರ್ಷಕ್ಕೆ ಇಂದಿನ ಬೆಲೆಯಲ್ಲಿ 8.7 ಲಕ್ಷ. ಆದರೆ ಮ್ಯಾಗ್ನೆಟಿಕ್ ಬೇರಿಂಗ್ ಯಂತ್ರದ ಡ್ರೈವಿನ ಕೆಪಾಸಿಟರ್ ಮತ್ತು ಪವರ್ ಬೋರ್ಡುಗಳಿಗೆ ಆಯುಸ್ಸಿದೆ. ಎಂಟನೇ ವರ್ಷ 15 ಲಕ್ಷ ಇಟ್ಟರೆ ಇಂದಿನ ಬೆಲೆಯಲ್ಲಿ 8.3 ಲಕ್ಷ. ಅಲ್ಲಿಗಲ್ಲಿಗೆ ಸಮವಾಯಿತು. ಇನ್ನು ಸ್ಕ್ರೂ ಯಂತ್ರಕ್ಕೆ ಹನ್ನೊಂದನೇ ವರ್ಷದ ಸುಮಾರಿಗೆ ಬೇರಿಂಗ್ ಓವರ್‌ಹಾಲ್ ಬರುತ್ತದೆ. ಹತ್ತು ಲಕ್ಷವೆಂದು ಹಿಡಿದರೆ ಇಂದಿನ 4.4 ಲಕ್ಷ. ಈ ಖರ್ಚುಗಳು ನನ್ನ ಅಂದಾಜು. ನೀವು ಮಾರುವವರಿಂದ ಲಿಖಿತವಾಗಿ ಕೇಳಿ. ಒಟ್ಟು ಸುಮಾರು 79 ಲಕ್ಷ ಒಂದು ಕಡೆ, ಹೆಚ್ಚುವರಿ ಬೆಲೆ 50 ಲಕ್ಷ ಇನ್ನೊಂದು ಕಡೆ.

ಇದೆಲ್ಲ ಕಂಡೆನ್ಸರ್ ಟ್ಯೂಬ್ ಶುಭ್ರವಾಗಿದ್ದರೆ ಮಾತ್ರ. ಶೀತಕ ಘನೀಭವಿಸುವ ತಾಪಕ್ಕೂ ಹೊರಗೆ ಹೋಗುವ ನೀರಿನ ತಾಪಕ್ಕೂ ಇರುವ ಅಂತರವನ್ನು ಪ್ರತಿದಿನ ಒಂದೇ ಹೊತ್ತಿಗೆ, ಹೆಚ್ಚುಕಡಿಮೆ ಒಂದೇ ಲೋಡಿನಲ್ಲಿ ಬರೆಸಿ. ಹೊಸ ಯಂತ್ರದಲ್ಲಿ ಒಂದು ಡಿಗ್ರಿಯ ಹತ್ತಿರ ಇರುವುದು ಮೂರು ನಾಲ್ಕಕ್ಕೆ ಏರಿದರೆ ಒಳಗೆ ಸುಣ್ಣ ಕಟ್ಟಿದೆ ಎಂದೇ ತಿಳಿಯಿರಿ. ಪ್ರತಿ ಡಿಗ್ರಿಗೆ ಎರಡು ಮೂರು ಶೇಕಡಾ ವಿದ್ಯುತ್ ಹೆಚ್ಚುತ್ತದೆ. ನಾನಿದ್ದ ಒಂದು ಕಾರ್ಖಾನೆಯಲ್ಲಿ ಟ್ಯಾಂಕರಿನ ಗಡಸು ನೀರು ಕುಡಿಸಿ, ಹೊಸ ಯಂತ್ರವನ್ನು ಎರಡೇ ವರ್ಷದಲ್ಲಿ ಹಳೆಯದರ ಮಟ್ಟಕ್ಕೆ ತಂದಿದ್ದರು.

ಎರಡು ಪ್ರಶ್ನೆ ಬಾಕಿ ಇವೆ. ಎರಡು ಯಂತ್ರಗಳನ್ನು ಹೇಗೆ ಓಡಿಸುತ್ತೀರಿ? ಆ 11 ರೂಪಾಯಿ ಎಲ್ಲಿಂದ ಬಂತು?

ಅಂಧೇರಿ ಪೂರ್ವದಿಂದ:

ಲಾಗ್‌ಬುಕ್ ತೆಗೆದೆ. ಬೆಳಿಗ್ಗೆ ಒಂದೇ ಯಂತ್ರ ಬಹಳ ಹೊತ್ತು 80%ಕ್ಕಿಂತ ಮೇಲೆ ಓಡುತ್ತದೆ, ಮಧ್ಯಾಹ್ನ ಎರಡನೆಯದನ್ನು ಹಾಕುತ್ತೇವೆ. 11 ಎಂದರೆ ಇಡೀ ಬಿಲ್ಲನ್ನು ಯೂನಿಟ್‌ಗಳಿಂದ ಭಾಗಿಸಿದ್ದು. ತಿಂಗಳ ಅತಿ ಹೆಚ್ಚಿನ ಬಳಕೆಗೆ ಕಟ್ಟುವ ಡಿಮ್ಯಾಂಡ್ ಚಾರ್ಜ್ ತೆಗೆದರೆ 9ರ ಸುಮಾರು ಉಳಿಯುತ್ತದೆ.

ಘಾಟ್‌ಕೋಪರ್ ಎಂಜಿನಿಯರ್:

ಹಾಗಾದರೆ 9 ಹಾಕಬೇಕು. ಮೇ ತಿಂಗಳ ಪೂರ್ಣ ಲೋಡಿನಲ್ಲಿ ವಿಎಫ್‌ಡಿ ಏನೂ ಉಳಿಸುವುದಿಲ್ಲ, ಅದರ ಸ್ವಂತ ನಷ್ಟವೇ ಎರಡು ಮೂರು ಶೇಕಡಾ. ಡಿಮ್ಯಾಂಡ್ ಚಾರ್ಜ್ ಇಳಿಯುವ ಭರವಸೆ ಇಲ್ಲ. ಇಷ್ಟು ಹೊತ್ತು ಓದಿ ನಾನೂ ಸ್ವಲ್ಪ ಕಲಿತೆ, ಹಿರಿಯರೇ.

ಚಿಂಚವಡದ ನಿವೃತ್ತ:

ಸರಿಯಾಗಿ ಹೇಳಿದೆ. 9ಕ್ಕೆ ವಿದ್ಯುತ್ತಿನ ಉಳಿತಾಯ 61 ಲಕ್ಷ, ನಿರ್ವಹಣೆ ಸೇರಿ 66. 50 ಲಕ್ಷದ ಮೇಲೆ ಉಳಿಯುವುದು 16. ಹೊಸ ಯಂತ್ರವನ್ನೂ 80%ರ ಮೇಲೆಯೇ ಓಡಿಸಿದರೆ ಟನ್-ಗಂಟೆ ಏರುತ್ತದೆ, ಆದರೆ 0.12ರ ಅಂತರ ಕುಗ್ಗುತ್ತದೆ. ಯಾವುದು ಗೆಲ್ಲುತ್ತದೆ ಎಂಬುದು ನಿಮ್ಮ ಕೋಷ್ಟಕ ಬರದೆ ಹೇಳಲಾಗದು. ಉಳಿದಿರುವ ಹಳೆಯ ಯಂತ್ರವನ್ನು ತುಂಬು ಲೋಡಿನಲ್ಲಿ ಬಿಟ್ಟು, ಏರಿಳಿತವನ್ನು ವಿಎಫ್‌ಡಿಗೆ ಕೊಡುವ ದಾರಿಯೂ ಇದೆ. ಲಾಗ್‌ಬುಕ್ಕಿನ ಒಂದು ವರ್ಷದ ಗಂಟೆಗಳನ್ನು ಲೋಡು ಮತ್ತು ನೀರಿನ ತಾಪದ ಪ್ರಕಾರ ವಿಂಗಡಿಸಿ ಕಳಿಸಿ, ಕೂತು ನೋಡೋಣ.

ಠಾಣೆ ಹೋಟೆಲಿನವ:

ನನಗೆ ಈ ಗುಣಕ ತಿಳಿಯಲಿಲ್ಲ, ಇರಲಿ. ಆದರೆ ಮೇಡಂ, ಚಿಲ್ಲರ್ ಕೊಳ್ಳುವವರು ಕಟ್ಟಡದ ಮಾಲೀಕರು. ಕರೆಂಟ್ ಬಿಲ್ ಕಟ್ಟುವವರು ಯಾರು?

ಅಂಧೇರಿ ಪೂರ್ವದಿಂದ:

ಬಾಡಿಗೆದಾರರು. ಐದು ಮಹಡಿಯವರ ಪಾಲು ಅವರವರ ಬಿಲ್ಲಿಗೆ ಹೋಗುತ್ತದೆ, ಎರಡು ಮಹಡಿಯದು ಮಾತ್ರ ನಮ್ಮದು. ಇದನ್ನು ಅಕೌಂಟ್ಸ್‌ನವರೂ ಹಿಡಿದಿಲ್ಲ, ಮಾರುವವರೂ ಹಿಡಿದಿಲ್ಲ. ಕರಾರು ಪತ್ರಗಳನ್ನು ಸೋಮವಾರ ತೆಗೆದು ನೋಡುತ್ತೇನೆ.