ಪದಚರ್ಚೆ: ರೋಯಿಂಗ್ ಮೆಷಿನ್ನಿನ ‘ಸ್ಪ್ಲಿಟ್’ಗೆ ಕನ್ನಡದಲ್ಲಿ ಏನನ್ನೋಣ?

ಸುಮಾ, ಬೆಂಗಳೂರು

ಎಲ್ಲರಿಗೂ ನಮಸ್ಕಾರ. ನಮ್ಮ ಅಪಾರ್ಟ್‌ಮೆಂಟಿನ ಜಿಮ್ಮಿಗೆ ಕಾನ್ಸೆಪ್ಟ್2 ಕಂಪನಿಯ ರೋಯಿಂಗ್ ಮೆಷಿನ್ ಬಂದಿದೆ. ಪಕ್ಕದ ಗೋಡೆಗೆ ಅಂಟಿಸುವುದಕ್ಕೆ ಕನ್ನಡದಲ್ಲಿ ಒಂದು ಹಾಳೆ ಬರೆದುಕೊಡುವ ಕೆಲಸ ನನ್ನ ಪಾಲಿಗೆ ಬಂತು. ಮೊದಲ ವಾರ ಯಾರೂ ಜೋರು ಮಾಡಬಾರದು ಅಂತ ಟ್ರೇನರ್ ಹೇಳಿದ್ದನ್ನು ‘ಸ್ಪ್ಲಿಟ್ 2:30 ದಾಟಬಾರದು’ ಅಂತ ಬರೆದೆ. ಪರದೆಯ ಮೇಲೆ `/500m` ಅಂತ ಬರುತ್ತದಲ್ಲ, ಐನೂರು ಮೀಟರಿಗೆ ಎಷ್ಟು ನಿಮಿಷ ಎಷ್ಟು ಸೆಕೆಂಡು ಅನ್ನುವುದು, ಅದನ್ನೇ ಇಲ್ಲಿ ಎಲ್ಲರೂ ಸ್ಪ್ಲಿಟ್ ಅನ್ನುವುದು.

ನಮ್ಮ ಅಪ್ಪ ಕೂತರು. 2:40 ಬರುತ್ತಿತ್ತು. ‘ಅಯ್ಯೋ, ದಾಟಿಬಿಟ್ಟೆ’ ಅಂತ 2:30ರ ಕೆಳಗೆ ತರಲು ಎಳೆದರು. 2:25, 2:15, 2:10. ಸಂಖ್ಯೆ ಇಳಿದಷ್ಟೂ ನಿಧಾನವಾಗುತ್ತಿದ್ದೇನೆ ಅಂತ ಅವರ ಲೆಕ್ಕ. ನಾನು ಹೋಗಿ ನೋಡುವಾಗ ಹಿಡಿ ಬಿಟ್ಟು ಏದುಸಿರು ಬಿಡುತ್ತಾ ಕೂತಿದ್ದರು. ತಪ್ಪು ಅವರದಲ್ಲ, ನನ್ನ ವಾಕ್ಯದ್ದು.

ಹಾಗಾಗಿ ಕೇಳುತ್ತಿದ್ದೇನೆ. ಸ್ಪ್ಲಿಟ್‌ಗೆ ಯಾವ ಪದ? ಅದರ ಜೊತೆ ಯಾವ ಕ್ರಿಯಾಪದ ಹಾಕಿದರೆ ಈ ಗೊಂದಲ ಆಗುವುದಿಲ್ಲ? ಇನ್ನೊಂದು, ಅರ್ಧದಲ್ಲಿರುವಾಗಲೇ ‘ಕೊನೆಗೆ ಇಷ್ಟು ಮೀಟರ್ ಆಗುತ್ತೆ’ ಅಂತ ಮೆಷಿನ್ ತೋರಿಸುವ ಸಂಖ್ಯೆಗೆ ಏನನ್ನಬೇಕು?

ನಾಗರಾಜ, ಹುಬ್ಬಳ್ಳಿ

ಮೇಡಂ, ಇಷ್ಟಕ್ಕ್ಯಾಕ ಹೊಸಾ ಪದ? ‘ವೇಗ’ ಅಂದ್ರ ಸಾಕು. ನಾನೂ ಇದ ಮೆಷಿನ್ ಮ್ಯಾಲೆ ಆರು ತಿಂಗಳಿಂದ ಮಾಡ್ತೇನಿ. ನಾವು ದೂರವನ್ನ ಸಮಯದಿಂದ ಭಾಗಿಸ್ತೀವಿ, ಅದು ಸಮಯವನ್ನ ದೂರದಿಂದ ಭಾಗಿಸ್ತದ, ಅಷ್ಟ ಫರಕು. ಬೇಕಂದ್ರ ಪರದೆ ಮ್ಯಾಲೆ `s/m` ಅಂತ ಬ್ಯಾರೆ ಬರದಾರ ನೋಡ್ರಿ, ಸೆಕೆಂಡ್ ಪರ್ ಮೀಟರ್. ನಂದು 24 ಇರ್ತದ.

ಮಾಲಿನಿ, ಬಾಸ್ಟನ್

ನಾಗರಾಜ ಅವರೇ, ಸಮಯವನ್ನು ದೂರದಿಂದ ಭಾಗಿಸುತ್ತದೆ ಅಂದಿರಲ್ಲ, ಅದು ಪೂರ್ತಿ ಸರಿ. ಆದರೆ ಆ `s/m` ಸೆಕೆಂಡೂ ಅಲ್ಲ, ಮೀಟರೂ ಅಲ್ಲ. ನಿಮಿಷಕ್ಕೆ ಎಷ್ಟು ಎಳೆತ ಅನ್ನುವುದು, ಸ್ಟ್ರೋಕ್ಸ್ ಪರ್ ಮಿನಿಟ್. ನಿಜವಾಗಿ ಮೀಟರಿಗೆ 24 ಸೆಕೆಂಡು ಆಗಿದ್ದರೆ ಐನೂರು ಮೀಟರಿಗೆ 3 ಗಂಟೆ 20 ನಿಮಿಷ ಬೇಕು. ನೀವು ಇನ್ನೂ ಮೆಷಿನ್ ಮೇಲೆಯೇ ಇರುತ್ತಿದ್ದಿರಿ.

ನಾನು ಇಲ್ಲಿ ಕಾಲೇಜಿನಲ್ಲಿ ದೋಣಿ ಓಡಿಸುತ್ತಿದ್ದೆ, ಚಳಿಗಾಲಕ್ಕೆ ನದಿ ಹೆಪ್ಪುಗಟ್ಟಿದರೆ ಈ ಮೆಷಿನ್ನೇ ಗತಿ. ‘ಸ್ಪ್ಲಿಟ್’ ಅನ್ನುವ ಪದವೇ ಸ್ವಲ್ಪ ಹಾದಿ ತಪ್ಪಿಸುವಂಥದ್ದು. ನಾವು ಬಾಯಲ್ಲಿ ಸ್ಪ್ಲಿಟ್ ಅನ್ನುವುದು ಐನೂರು ಮೀಟರಿನ ಸಮಯಕ್ಕೆ. ಮೆಷಿನ್ ಮಾತ್ರ ಅದಕ್ಕೆ ಪೇಸ್ ಅನ್ನುತ್ತದೆ, ಸ್ಪ್ಲಿಟ್ ಅನ್ನುವುದು ಓಟವನ್ನು ಕತ್ತರಿಸಿದ ತುಂಡಿಗೆ. ನೀವು ಬೇರೆ ಹೇಳದಿದ್ದರೆ ಅದು ಐದು ತುಂಡು ಮಾಡುತ್ತದೆ. 2000 ಮೀಟರ್ ಓಟವಾದರೆ ಒಂದೊಂದು ತುಂಡು 400 ಮೀಟರ್, 30 ನಿಮಿಷದ್ದಾದರೆ 6 ನಿಮಿಷ. ಮುಗಿದ ಮೇಲೆ ಮೆಮೊರಿಯಲ್ಲಿ ನೋಡಿದರೆ ಒಂದೇ ಸಾಲಿನಲ್ಲಿ ತುಂಡಿನ ಸಮಯವೂ ಇರುತ್ತದೆ, `/500m` ಲೆಕ್ಕವೂ ಇರುತ್ತದೆ. ಹೊಸಬರು 400 ಮೀಟರಿನ ಸಮಯವನ್ನು ನೋಡಿ ‘ಅಬ್ಬಾ, ಇಷ್ಟು ಬೇಗ ಹೋದೆನೇ’ ಅಂದುಕೊಳ್ಳುತ್ತಾರೆ. ಆದ್ದರಿಂದ ‘ತುಂಡುಸಮಯ’ ಥರದ ಪದ ದಯವಿಟ್ಟು ಬೇಡ. ನನಗೆ ‘ಐನೂರರ ಸಮಯ’ ಹಿಡಿಸುತ್ತದೆ.

ವೇಗ ಅಂತೂ ಅಲ್ಲವೇ ಅಲ್ಲ, ಆದರೆ ವೇಗಕ್ಕೆ ತಿರುಗಿಸುವುದು ಸುಲಭ. ಐನೂರರ ಸಮಯವನ್ನು ಸೆಕೆಂಡಿಗೆ ಇಳಿಸಿ, 1800ನ್ನು ಅದರಿಂದ ಭಾಗಿಸಿ. ಬರುವುದು ಗಂಟೆಗೆ ಎಷ್ಟು ಕಿಲೋಮೀಟರ್ ಅನ್ನುವುದು. 2:30 ಅಂದರೆ 150 ಸೆಕೆಂಡು, 1800 ÷ 150 = 12. 2:00 ಆದರೆ 15. ಈ 1800 ಎಲ್ಲಿಂದ ಬಂತು ಅಂದರೆ, ಗಂಟೆಗೆ 3600 ಸೆಕೆಂಡು, ಐನೂರು ಮೀಟರ್ ಅಂದರೆ ಅರ್ಧ ಕಿಲೋಮೀಟರ್, ಅಷ್ಟೇ. ಅರ್ಧ ಗಂಟೆಗೂ 1800 ಸೆಕೆಂಡೇ ಆದ್ದರಿಂದ, ಅದೇ 12 ಅನ್ನುವುದು 30 ನಿಮಿಷದಲ್ಲಿ ನೀವು ಮುಗಿಸುವ ಐನೂರುಗಳ ಸಂಖ್ಯೆಯೂ ಹೌದು. 12 ಐನೂರು, 6000 ಮೀಟರ್.

ಒಂದೇ ಎಚ್ಚರಿಕೆ, ನಡುವೆ ಇರುವುದು ದಶಾಂಶದ ಚುಕ್ಕಿಯಲ್ಲ. ಫೋನಿನಲ್ಲಿ 2.30 ಅಂತ ಒತ್ತಿ 60ರಿಂದ ಗುಣಿಸಿದರೆ 138 ಸೆಕೆಂಡು ಬರುತ್ತದೆ. ಅರ್ಧ ಗಂಟೆಗೆ ಹೆಚ್ಚುಕಡಿಮೆ 6520 ಮೀಟರ್. ಎಳೆಯದೇ ಇದ್ದ ಐನೂರು ಮೀಟರ್ ಪುಕ್ಕಟೆ ಸಿಕ್ಕಿತು.

ಶ್ರೀಪಾದರಾಯ, ಸಾಗರ

ಸುಮಾ ಅವರೇ, ರೋಯಿಂಗ್‌ಗೆ ಕನ್ನಡ ಕೇಳುತ್ತಿದ್ದೀರಿ ಎಂದು ಭಾವಿಸಿ ಬರೆಯುತ್ತಿದ್ದೇನೆ. ಶರಾವತಿ ಕಡೆ ನಾವು ‘ಹುಟ್ಟು ಹಾಕುವುದು’ ಎನ್ನುತ್ತೇವೆ. ಹಾಗೆಂದು ಇದನ್ನು ‘ಹುಟ್ಟುಯಂತ್ರ’ ಎಂದು ಬರೆದರೆ ಹೆರಿಗೆ ವಾರ್ಡಿನ ಸಾಮಾನು ಎಂದುಕೊಂಡಾರು! ಇರಲಿ.

ಈಗ ನಿಮ್ಮ ಪ್ರಶ್ನೆ ಮತ್ತೆ ಓದಿದೆ, ಬೇರೆಯೇ ಇದೆ. ದೂರ ಗೊತ್ತಿದ್ದು ಸಮಯ ಹೇಳುವುದು ನಮಗೇನೂ ಹೊಸತಲ್ಲ. ‘ಸೊರಬಕ್ಕೆ ಎಷ್ಟು ದೂರ’ ಎಂದು ಕೇಳಿದರೆ ‘ಒಂದು ಗಂಟೆ ದಾರಿ’ ಎನ್ನುತ್ತೇವೆ. ಅರ್ಧ ಗಂಟೆ ದಾರಿಯಾಗಿಬಿಟ್ಟಿತು ಎಂದರೆ ರಸ್ತೆ ಚೆನ್ನಾಗಿದೆ ಎಂದೇ ಅರ್ಥ, ಯಾರೂ ತಪ್ಪು ತಿಳಿಯುವುದಿಲ್ಲ. ಗಾಡಿ ‘ಲೀಟರಿಗೆ ಎಷ್ಟು ಕೊಡುತ್ತೆ’ ಎಂದಾಗ ಮಾತ್ರ ದೊಡ್ಡ ಸಂಖ್ಯೆ ಒಳ್ಳೆಯದು. ಹೀಗಾಗಿ ಪದದೊಳಗೇ ಹೊತ್ತು ಕಾಣಿಸಬೇಕು. ‘ಐನೂರರ ಹೊತ್ತು’ ಎನ್ನಿ, ಸಂಸ್ಕೃತದ ಸಮಯ ಏಕೆ?

ಕೊನೆಯ ದೂರಕ್ಕೆ ‘ಆಣೆವಾರಿ’ ಎಂದರೆ ಹೇಗೆ? ನಾನು ಕಂದಾಯ ಇಲಾಖೆಯಲ್ಲಿದ್ದವನು. ಪೈರು ಇನ್ನೂ ಗದ್ದೆಯಲ್ಲಿರುವಾಗಲೇ ಇಷ್ಟು ಬಂದೀತು ಎಂದು ಬರೆಯುತ್ತಿದ್ದೆವು, ಇದೂ ಹಾಗೆಯೇ ಇದೆ.

ಸುಮಾ

ಆಣೆವಾರಿ ಓದಿ ಅಪ್ಪ ನಕ್ಕರು, ಆದರೆ ಜಿಮ್ಮಿನ ಹುಡುಗರಿಗೆ ಅದನ್ನೇ ಬಿಡಿಸಿ ಹೇಳುವ ಇನ್ನೊಂದು ಹಾಳೆ ಅಂಟಿಸಬೇಕಾಗುತ್ತದೆ ರಾಯರೇ. ‘ಹೊತ್ತು’ ಚೆನ್ನಾಗಿದೆ. ಆದರೆ ಹೊತ್ತು ಅಂದರೆ ನನ್ನ ಕಿವಿಗೆ ಘಳಿಗೆಗಟ್ಟಲೆ ಅನ್ನಿಸುತ್ತದೆ. ಪರದೆಯಲ್ಲಿ ಸೆಕೆಂಡಿನ ಹತ್ತನೇ ಒಂದು ಪಾಲೂ ಕಾಣುತ್ತದೆ.

ನಾಗರಾಜ

`s/m` ವಿಷಯ ಒಪ್ಪಿದೆ, ನಕ್ಕವರು ನಕ್ಕೊಳ್ರಿ. ಆದ್ರ ಮಾಲಿನಿಯವರ ಲೆಕ್ಕಾನೂ ಕೂಡಂಗಿಲ್ಲ. ನಿನ್ನೆ 30 ನಿಮಿಷ ಮಾಡಿದೆ. ಮೊದಲ 15 ನಿಮಿಷ 2:00, ಆಮ್ಯಾಲೆ ಸುಸ್ತಾಗಿ 15 ನಿಮಿಷ 2:30. ಸರಾಸರಿ 2:15, ಅಂದ್ರ 135 ಸೆಕೆಂಡು. 1800 ÷ 135 ಮಾಡಿ ಐನೂರರಿಂದ ಗುಣಿಸಿದ್ರ 6667 ಮೀಟರ್. ಮೆಷಿನ್ 6750 ತೋರಿಸ್ತು, ಸರಾಸರಿ 2:13.3 ಅಂತು. ಮೆಷಿನ್ ಸುಳ್ಳು ಹೇಳತದ ಏನು?

ಮಾಲಿನಿ

ಮೆಷಿನ್ ಸರಿಯಾಗಿಯೇ ಹೇಳಿದೆ. ಈ ಪದಚರ್ಚೆಗೂ ಇದೇ ಮುಖ್ಯ ಉದಾಹರಣೆ ಅನ್ನಿಸುತ್ತದೆ.

ಮೊದಲ 15 ನಿಮಿಷ, ಅಂದರೆ 900 ಸೆಕೆಂಡಿನಲ್ಲಿ, 120 ಸೆಕೆಂಡಿಗೊಂದರಂತೆ ಏಳೂವರೆ ಐನೂರು ಮುಗಿಸಿದಿರಿ, 3750 ಮೀಟರ್. ಎರಡನೇ 15 ನಿಮಿಷದಲ್ಲಿ 150 ಸೆಕೆಂಡಿಗೊಂದರಂತೆ ಆರು, 3000 ಮೀಟರ್. ಕೂಡಿದರೆ 6750. ಹದಿಮೂರೂವರೆ ಐನೂರಿಗೆ 1800 ಸೆಕೆಂಡು, ಒಂದಕ್ಕೆ 133.3. ನಿಮ್ಮ 2:15 ಸರಿಯಾಗುತ್ತಿದ್ದದ್ದು ಎರಡು ಭಾಗಗಳ ದೂರ ಸಮ ಇದ್ದಿದ್ದರೆ. ಒಂದು ಸಾವಿರ ಮೀಟರ್ 2:00ರಲ್ಲಿ, ಇನ್ನೊಂದು ಸಾವಿರ 2:30ರಲ್ಲಿ ಮಾಡಿದರೆ ನಾಲ್ಕು ನಿಮಿಷ, ಐದು ನಿಮಿಷ, ಒಟ್ಟು ಒಂಬತ್ತು, ಸರಾಸರಿ 2:15. ನೀವು ಸಮ ಮಾಡಿದ್ದು ದೂರವನ್ನಲ್ಲ, ಸಮಯವನ್ನು. ವೇಗಗಳನ್ನಾದರೆ ಹಾಗೆ ಕೂಡಿ ಭಾಗಿಸಬಹುದಿತ್ತು: 15 ಮತ್ತು 12, ಸರಾಸರಿ ಹದಿಮೂರೂವರೆ, ನೋಡಿ ಸರಿಯಾಗಿ ಕೂತಿತು. ಇದನ್ನು ‘ವೇಗ’ ಅಂತ ಕರೆದರೆ ಜನ ವೇಗದ ಹಾಗೆಯೇ ಸರಾಸರಿ ತೆಗೆಯುತ್ತಾರೆ. ನೀವೇ ತೆಗೆದಿರಲ್ಲ.

ಮುಂದಿನ ದೂರದ ಅಂದಾಜಿಗೂ ಇದೇ ದಾರಿ. 30 ನಿಮಿಷದಲ್ಲಿ 12 ನಿಮಿಷ 2:05ರಲ್ಲಿ ಹೋಗಿದ್ದೀರಿ ಅನ್ನಿ. 720 ÷ 125 × 500, ಅಂದರೆ 2880 ಮೀಟರ್ ಆಗಿದೆ. ಹೀಗೇ ಹೋದರೆ 7200. ಆದರೆ ಕೈ ಸೋತು 2:15ಕ್ಕೆ ಬಂದರೆ ಉಳಿದ 18 ನಿಮಿಷಕ್ಕೆ 1080 ÷ 135 × 500, ಸರಿಯಾಗಿ 4000. ಒಟ್ಟು 6880. ಆಗಿದ್ದನ್ನು ಮುಟ್ಟಬಾರದು, ಉಳಿದದ್ದನ್ನು ಮಾತ್ರ ಈಗಿನ ಸಮಯದಿಂದ ಲೆಕ್ಕ ಹಾಕಬೇಕು. 7000 ಮುಟ್ಟಲೇಬೇಕು ಅಂತಿದ್ದರೆ ಉಳಿದ 4120 ಮೀಟರಿಗೆ 1080 ಸೆಕೆಂಡು, ಐನೂರಕ್ಕೆ 131, ಅಂದರೆ 2:11ರ ಹತ್ತಿರ ಹಿಡಿದುಕೊಳ್ಳಬೇಕು. ಈ ಸಂಖ್ಯೆ ಎಳೆತದಿಂದ ಎಳೆತಕ್ಕೆ ಬದಲಾಗುವಂಥದ್ದು, ಬರೀ ‘ಅಂತಿಮ ದೂರ’ ಅಂದರೆ ಆಗಿಹೋದ ಹಾಗೆ ಕೇಳಿಸುತ್ತದೆ.

ಸುಮಾ

ಮೊದಲ ಸಾಲು ಹೀಗೆ ಬರೆದೆ: ‘ಮೊದಲ ವಾರ 500 ಮೀಟರನ್ನು ಎರಡೂವರೆ ನಿಮಿಷಕ್ಕಿಂತ ಬೇಗ ಮುಗಿಸಬೇಡಿ.’ ಹೆಚ್ಚು, ಕಡಿಮೆ, ದಾಟು, ಇಳಿಸು ಯಾವುದೂ ಇಲ್ಲ. ಅಪ್ಪನಿಗೆ ಓದಿಸಿದೆ, ಮೆಷಿನ್ ಮೇಲೆ ಕೂತು 2:45ರಲ್ಲಿ ಆರಾಮಾಗಿ ಎಳೆದರು. ಕೊನೆಯ ದೂರಕ್ಕೆ ‘ಹೀಗೇ ಹೋದರೆ’ ಅಂತಷ್ಟೇ ಬರೆದು ಪಕ್ಕದಲ್ಲಿ ಮೀಟರ್ ಹಾಕಿದ್ದೇನೆ. ಮಾಲಿನಿಯವರ ಮಾತಿನಿಂದಲೇ ಎತ್ತಿಕೊಂಡದ್ದು.

ಶ್ರೀಪಾದರಾಯ

ವಾಕ್ಯ ಚೆನ್ನಾಗಿದೆ. ಆದರೆ ಕೇಳಿದ್ದು ಪದ, ಸಿಕ್ಕಿದ್ದು ವಾಕ್ಯ. ಪ್ರತಿ ಸಲ ‘500 ಮೀಟರನ್ನು ಇಷ್ಟು ನಿಮಿಷದಲ್ಲಿ ಮುಗಿಸುವ’ ಎಂದು ಬರೆಯಲಾಗದು. ‘ಐನೂರರ ಹೊತ್ತು’ ನಾನು ಬಿಡುವುದಿಲ್ಲ.

ನಾಗರಾಜ

ರಾಯರ, ನಮ್ಮ ಮನ್ಯಾಗ ಇನ್ನೊಂದು ಕಂಪನಿದು ಸೋವಿ ಮೆಷಿನ್ ಅದ, ಅದರಾಗ ನಂದು 1:40 ಬರ್ತದ, ಜಿಮ್ಮಿನಾಗ ಅಷ್ಟ ದಮ್ಮಿಗೆ 2:20. ಎರಡಕ್ಕೂ ಒಂದ ಪದ ಇಡೋದು ಹ್ಯಾಂಗ?

ಮಾಲಿನಿ

ಪದ ಒಂದೇ ಇರಲಿ, ಮೀಟರ್ ಒಂದೇ ಅಲ್ಲ. ಅಲ್ಲಿ ನೀರೂ ಇಲ್ಲ, ದೋಣಿಯೂ ಇಲ್ಲ. ಚಕ್ರಕ್ಕೆ ನೀವು ಹಾಕಿದ ಶಕ್ತಿಯಿಂದ ಮೆಷಿನ್ ದೂರವನ್ನು ಲೆಕ್ಕ ಹಾಕುತ್ತದೆ. ಕಾನ್ಸೆಪ್ಟ್2 ತನ್ನ ಸೂತ್ರವನ್ನು ಹೇಳಿದೆ: ಸೆಕೆಂಡಿಗೆ ಎಷ್ಟು ಮೀಟರ್ ಅನ್ನುವುದರ ಘನವನ್ನು 2.8ರಿಂದ ಗುಣಿಸಿದರೆ ವ್ಯಾಟ್. 2:30ಕ್ಕೆ ಸುಮಾರು 104 ವ್ಯಾಟ್ ಬೇಕಾದರೆ 2:00ಕ್ಕೆ 203. ನಿಮ್ಮ ಮನೆಯ ಮೆಷಿನ್ ಯಾವ ಸೂತ್ರ ಹಾಕಿದೆಯೋ ಅದನ್ನು ಮಾಡಿದವರೇ ಹೇಳಬೇಕು. ಆ 1:40ನ್ನು ಮನೆಯ ನಿನ್ನೆಯ ಸಂಖ್ಯೆಗೆ ಹೋಲಿಸಿ, ಜಿಮ್ಮಿನದಕ್ಕೆ ಬೇಡ.

ಸುಮಾ

ಹಾಳೆ ಅಂಟಿಸಿದ್ದಾಯಿತು. ತಲೆಬರಹದಲ್ಲಿ ‘ಐನೂರರ ಸಮಯ’ ಅಂತ ಹಾಕಿದೆ, ರಾಯರು ಕ್ಷಮಿಸಬೇಕು. ಇವತ್ತು ಸಂಜೆ ನೋಡಿದರೆ ಯಾರೋ ‘ಸಮಯ’ದ ಮೇಲೆ ಪೆನ್ನಲ್ಲಿ ಗೀಟು ಎಳೆದು ‘ಹೊತ್ತು’ ಅಂತ ಬರೆದಿದ್ದಾರೆ. ಅಕ್ಷರ ಅಪ್ಪನದೇ.