ಸಹಾಯ ಬೇಕು: ಆಂಟಿಬಯೋಗ್ರಾಂನಲ್ಲಿ ಕಂಡ ಇಳಿಕೆ ನಿಜವೇ?

ಎಲ್ಲರಿಗೂ ನಮಸ್ಕಾರ. ನಾನು ಮೈಕ್ರೋಬಯಾಲಜಿ ಸ್ನಾತಕೋತ್ತರ ವಿದ್ಯಾರ್ಥಿನಿ. ನಮ್ಮ ಆಸ್ಪತ್ರೆಯ ಎರಡು ವರ್ಷಗಳ ಆಂಟಿಬಯೋಗ್ರಾಂ ಹೋಲಿಸುತ್ತಿದ್ದೇನೆ. ಕ್ಲೆಬ್ಸಿಯೆಲ್ಲಾ ನ್ಯುಮೋನಿಯೆಯ ವಿಷಯದಲ್ಲಿ ಸಿಲುಕಿದ್ದೇನೆ.

ಸಿಎಲ್‌ಎಸ್‌ಐ ಎಂ39 ಹೇಳುವಂತೆ ಪ್ರತಿ ರೋಗಿಯಿಂದ ವರ್ಷದ ಮೊದಲ ಐಸೊಲೇಟನ್ನು ಮಾತ್ರ ಎಣಿಸಿದ್ದೇನೆ. ಐಸಿಯುನಲ್ಲಿ ಒಬ್ಬರಿಂದಲೇ ಮತ್ತೆ ಮತ್ತೆ ಮಾದರಿ ಬರುತ್ತದೆ. ಅವನ್ನೆಲ್ಲ ಸೇರಿಸಿದರೆ ಪ್ರತಿರೋಧ ಇರುವುದಕ್ಕಿಂತ ಹೆಚ್ಚಾಗಿ ಕಾಣುತ್ತದೆ. ಬ್ರೇಕ್‌ಪಾಯಿಂಟ್ ಎರಡೂ ವರ್ಷ ಒಂದೇ.

ಮೆರೊಪೆನೆಮ್‌ಗೆ ಮೊದಲ ವರ್ಷ 110ರಲ್ಲಿ 64 (ಶೇ 58), ಮರುವರ್ಷ 120ರಲ್ಲಿ 59 (ಶೇ 49) ಸಂವೇದನಾಶೀಲ. ಒಂಬತ್ತು ಅಂಶ ಕುಸಿದಿದೆ ಎಂದು ವಾರ್ಡಿನವರು ಗಾಬರಿಯಾಗಿದ್ದಾರೆ. ಆದರೆ ವ್ಯತ್ಯಾಸದ ಶೇ 95 ವಿಶ್ವಾಸಾಂತರ ಸುಮಾರು 4 ಅಂಶ ಏರಿಕೆಯಿಂದ 22 ಅಂಶ ಇಳಿಕೆಯವರೆಗೆ ಹರಡಿದೆ, ಅಂದರೆ ಇದು ಆಕಸ್ಮಿಕವೂ ಆಗಿರಬಹುದು. ಮೇಲಾಗಿ ಎರಡನೇ ವರ್ಷ ಐಸಿಯು ಮಾದರಿಗಳ ಪಾಲು ಹೆಚ್ಚಿದೆ. ನನಗೆ ಅನುಮಾನವಿರುವುದು ಅಲ್ಲೇ.

ಐಸಿಯು ಬೇರ್ಪಡಿಸಿದರೆ ವರ್ಷಕ್ಕೆ 30 ಐಸೊಲೇಟುಗಳೂ ಸಿಗುವುದಿಲ್ಲ. ಎರಡು ವರ್ಷ ಒಟ್ಟುಗೂಡಿಸಿದರೆ ಸಂಖ್ಯೆ ಸಾಕಾಗುತ್ತದೆ, ಆದರೆ ನಾನು ಹುಡುಕುತ್ತಿರುವ ಪ್ರವೃತ್ತಿಯೇ ಮಾಯವಾಗುತ್ತದೆ. ಇಂಥ ಕಡೆ ನೀವು ವಾರ್ಡುವಾರು ಹೊಂದಿಸಿದ ಲಾಜಿಸ್ಟಿಕ್ ರಿಗ್ರೆಶನ್ ಬಳಸುತ್ತೀರಾ, ಅಥವಾ ಮೂರನೇ ವರ್ಷದ ದತ್ತಾಂಶಕ್ಕೆ ಕಾಯುತ್ತೀರಾ? ಮಾಡಿ ನೋಡಿದವರು ದಯವಿಟ್ಟು ತಿಳಿಸಿ.