ಸಹಾಯ ಬೇಕು: ಕ್ರಾಸ್ ಬದಲಿಸಿದ ಮೇಲೆ ಡ್ರೈವ್ ಶಾಫ್ಟ್ ನಡುಗುತ್ತಿದೆ

ಕ್ರಾಸ್ ಬದಲಿಸುವಾಗ ಸ್ಲಿಪ್ ಜಾಯಿಂಟ್ ಬಿಚ್ಚಿದ್ದೆ. ಗುರುತು ಹಾಕಲಿಲ್ಲ, ಅದೇ ತಪ್ಪು. ಜೋಡಿಸಿದ ಮೇಲೆ ಶಾಫ್ಟ್ ಪ್ರತಿ ಸುತ್ತಿಗೂ ಎರಡು ಸಲ ನಡುಗುತ್ತಿತ್ತು.

ಕೆಳಗೆ ಮಲಗಿ ನೋಡಿದರೆ ಶಾಫ್ಟಿನ ಎರಡು ತುದಿಯ ಯೋಕ್‌ಗಳು ಒಂದಕ್ಕೊಂದು ಅಡ್ಡಡ್ಡ! ಎರಡು ಕಡೆಯೂ 12 ಡಿಗ್ರಿ ಕೋನ ಅಂದುಕೊಂಡು ಲೆಕ್ಕ ಹಾಕಿದೆ. ಗೇರ್‌ಬಾಕ್ಸ್ ಸಮವಾಗಿ ನಿಮಿಷಕ್ಕೆ 1000 ಸುತ್ತು ತಿರುಗಿದರೂ, ಕೋನದಲ್ಲಿರುವ ಕ್ರಾಸ್ ಓರೆಯಾಗಿ ಓಲಾಡುವುದರಿಂದ ನಡುವಿನ ಶಾಫ್ಟ್ ಪ್ರತಿ ಅರ್ಧ ಸುತ್ತಿಗೆ ಒಮ್ಮೆ 978ಕ್ಕೂ 1022ಕ್ಕೂ ಹೋಗಿಬರುತ್ತದೆ. ಯೋಕ್‌ಗಳು ಒಂದೇ ಸಮತಲದಲ್ಲಿದ್ದರೆ ಹಿಂದಿನ ಜಾಯಿಂಟ್ ಇದನ್ನು ಉಲ್ಟಾ ಮಾಡಿ ಮತ್ತೆ 1000ಕ್ಕೆ ತರುತ್ತದೆ. ಅಡ್ಡ ಇದ್ದರೆ ಏರಿಳಿತ ಸೇರಿಕೊಂಡು 957ರಿಂದ 1045 ಆಗುತ್ತದೆ.

ಸರಿಯಾಗಿ ಕೂರಿಸಿದೆ, ನಡುಕ ತುಂಬಾ ಕಮ್ಮಿಯಾಯಿತು. ಆದರೆ ಪೂರ್ತಿ ಹೋಗಿಲ್ಲ. ಆಮೇಲೆ ಅಳೆದಾಗ ಮುಂದೆ 12 ಡಿಗ್ರಿ, ಹಿಂದೆ ಬರೀ 8. ಕೋನ ಸಮ ಇಲ್ಲದಿದ್ದರೆ ಪೂರ್ತಿ ಕಳೆಯುವುದಿಲ್ಲ ಅಲ್ವಾ? ನನ್ನ ಲೆಕ್ಕಕ್ಕೆ 988ರಿಂದ 1012 ಉಳಿಯುತ್ತದೆ.

ಆಕ್ಸಲ್ ಕೆಳಗೆ ಬೆಣೆ ಕೊಟ್ಟು ಹಿಂದಿನ ಕೋನ ಏರಿಸಲಾ, ಗೇರ್‌ಬಾಕ್ಸ್ ಮೌಂಟ್ ಸರಿಸಿ ಮುಂದಿನದು ಇಳಿಸಲಾ? ನನಗೆ ಎರಡನೆಯದೇ ಸರಿ ಅನಿಸುತ್ತದೆ. ಕೋನ ಕಮ್ಮಿಯಾದರೆ ನಡುವಿನ ಶಾಫ್ಟಿನ ಏರಿಳಿತವೂ ಕಮ್ಮಿ. ಅದು ಹೇಗೂ ಪೂರ್ತಿ ಹೋಗುವುದಿಲ್ಲ. ನಾನು ಅಳೆದದ್ದು ಮೇಲೆ-ಕೆಳಗಿನ ಕೋನ ಮಾತ್ರ. ಶಾಫ್ಟ್ ಪಕ್ಕಕ್ಕೂ ಸ್ವಲ್ಪ ವಾಲಿದೆ, ಅದನ್ನು ಹೇಗೆ ಅಳೆಯುತ್ತೀರಿ? ಮಾಡಿ ನೋಡಿದವರು ಹೇಳಿ.